ಓವರುಗಳ ನಡುವಿನ ಪಣ

(ಸಂಘದ ಜಾಗೃತಿ ಸಭೆಯಲ್ಲಿ ಕಾಲೇಜು ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



2023ರ ಆಗಸ್ಟ್‌ನಲ್ಲಿ ಭಾರತ ತಂಡ ಮಾಲಹೈಡ್‌ಗೆ ಬಂದಾಗ ನಮ್ಮಲ್ಲಿ ಅನೇಕರು ಕೊಡೆ ಹಿಡಿದೇ ಹೋಗಿದ್ದೆವು. ಮೂರನೆಯ ಪಂದ್ಯವನ್ನಂತೂ ಮಳೆಯೇ ಆಡಿತು. ಮಿಕ್ಕಂತೆ ನಮ್ಮ ಕ್ರಿಕೆಟ್ಟೆಲ್ಲ ಮೊಬೈಲಿನಲ್ಲಿ. ಅಲ್ಲಿ ಓವರು ಮುಗಿದೊಡನೆ ಪಣ ಕಟ್ಟುವ ಆ್ಯಪ್‌ಗಳ ಜಾಹೀರಾತು ಬರುತ್ತದೆ.

ಭಾರತದಲ್ಲಿ ಇಂಥ ಜಾಹೀರಾತಿಗೆ ಅಡ್ಡಿ ಬಂದಾಗ ಕೆಲವು ಕಂಪನಿಗಳು ಸುದ್ದಿಯ ವೇಷ ತೊಟ್ಟವು. ಅದೇ ಹೆಸರು, ಅದೇ ಲಾಂಛನ, ಕೊನೆಗೆ 'ನ್ಯೂಸ್' ಎಂಬ ಬಾಲ. 2022ರ ಅಕ್ಟೋಬರಿನಲ್ಲಿ ಭಾರತದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಈ ವೇಷವನ್ನು ಹೆಸರಿಸಿಯೇ ಟಿವಿ ವಾಹಿನಿಗಳಿಗೆ ಸೂಚನೆ ಕಳಿಸಿತು. ಗುರುತಿಸುವುದು ಕಷ್ಟವಲ್ಲ: ಸುದ್ದಿ ಎಂದು ಹೇಳಿಕೊಳ್ಳುವ ಆ ಜಾಹೀರಾತಿನಲ್ಲಿ ಒಂದೇ ಒಂದು ಸುದ್ದಿ ಇರುವುದಿಲ್ಲ.

ಇನ್ನು ಲೆಕ್ಕ. ಸಮಬಲದ ಎರಡು ತಂಡಗಳು ಆಡುತ್ತಿವೆ ಎನ್ನಿ. ಎರಡರ ಮುಂದೆಯೂ 1.85 ಎಂದು ಬರೆದಿರುತ್ತಾರೆ. ಅಂದರೆ 100 ಯೂರೋ ಕಟ್ಟಿ ಗೆದ್ದರೆ, ಕಟ್ಟಿದ್ದೂ ಸೇರಿ 185 ಕೈಗೆ ಬರುತ್ತದೆ. ಈಗ ಎರಡೂ ತಂಡಗಳ ಮೇಲೆ ನೂರು ನೂರು ಕಟ್ಟಿ ನೋಡಿ. ಕೊಟ್ಟದ್ದು 200, ಯಾರೇ ಗೆಲ್ಲಲಿ ಬರುವುದು 185. ಆ 15 ಯೂರೋ ಅಂಗಡಿಯವನ ಪಾಲು. ಕ್ರಿಕೆಟ್ ಬಲ್ಲವನಿಗೂ ಅದು ತಪ್ಪಿದ್ದಲ್ಲ.

ಪಂದ್ಯಕ್ಕೊಮ್ಮೆ ಕಟ್ಟಿದರೆ ಈ ಸೋರಿಕೆ ನಿಧಾನ. ಆದರೆ ಆ್ಯಪ್ ಮುಂದಿನ ಓವರಿಗೆ ಎಷ್ಟು ರನ್ ಎಂದು ಕೇಳುತ್ತಲೇ ಇರುತ್ತದೆ. ಇದೇ ದರದಲ್ಲಿ 1000 ಯೂರೋವನ್ನು ಹತ್ತು ಬಾರಿ ತಿರುಗಿಸಿ ಕಟ್ಟಿದರೆ ಸರಾಸರಿ ಉಳಿಯುವುದು ಸುಮಾರು 459. ಹತ್ತು ಬಾರಿ ಎಂದರೆ ಒಂದು ಸಂಜೆಯ ಕೆಲಸ! ನಮ್ಮ ಜೊತೆ ಮನೆ ಹಂಚಿಕೊಂಡಿದ್ದ ಒಬ್ಬ ಗೆಳೆಯ ವಾರಾಂತ್ಯದ ದುಡಿಮೆಯನ್ನೂ ಬಾಡಿಗೆಯನ್ನೂ ಹೀಗೆಯೇ ಕಳೆದ. ಅವನು ದಡ್ಡನಲ್ಲ, ನಮ್ಮೆಲ್ಲರಿಗೆ ಗಣಿತ ಹೇಳಿಕೊಡುತ್ತಿದ್ದವನು. ಕಳೆದದ್ದನ್ನು ಮುಂದಿನ ಓವರಿನಲ್ಲಿ ಹಿಂಪಡೆಯುವೆನೆಂದು ಹೊರಟದ್ದೇ ಅವನಿಗೆ ಮುಳುವಾಯಿತು. ನಮಗೆ ಗೊತ್ತಾದದ್ದು, ಪ್ರತಿ ತಿಂಗಳೂ ಅವನು ಬಾಡಿಗೆಗೆ ಒಂದು ಹೊಸ ನೆಪ ಹೇಳತೊಡಗಿದಾಗ.

'ಪುಕ್ಕಟೆ ಪಣ'ದ ಮಾತೂ ಅಷ್ಟೇ. 10 ಯೂರೋದ ಪುಕ್ಕಟೆ ಪಣ 1.85ರಲ್ಲಿ ಗೆದ್ದರೆ ಸಾಮಾನ್ಯವಾಗಿ 18.50 ಕೊಡುವುದಿಲ್ಲ. ಕಟ್ಟಿದ ಹತ್ತನ್ನು ಇಟ್ಟುಕೊಂಡು 8.50 ಕೊಡುತ್ತಾರೆ.

ಐರ್ಲೆಂಡಿನ 2024ರ ಜೂಜು ನಿಯಂತ್ರಣ ಕಾಯಿದೆಯಲ್ಲಿ ಬೆಳಗಿನ 5.30ರಿಂದ ರಾತ್ರಿ 9ರವರೆಗೆ ಟಿವಿ, ರೇಡಿಯೋಗಳಲ್ಲಿ ಇಂಥ ಜಾಹೀರಾತು ಕೂಡದೆಂದಿದೆ. ಐಪಿಎಲ್‌ನ ಸಂಜೆ ಪಂದ್ಯ ನಮಗೆ ಮಧ್ಯಾಹ್ನ ಮೂರಕ್ಕೇ ಶುರುವಾಗುವುದರಿಂದ, ಚಿಕ್ಕ ಮಕ್ಕಳಿರುವ ಮನೆಗಳಿಗೆ ಈ ಹೊತ್ತಿನ ಗಡಿ ಮುಖ್ಯ.

ಇಲ್ಲಿನ ಕೆಲವು ಬ್ಯಾಂಕುಗಳ ಆ್ಯಪ್‌ನಲ್ಲಿ ಜೂಜಿನ ಪಾವತಿಯನ್ನು ತಡೆಯುವ ಗುಂಡಿಯೊಂದಿದೆ. ನಮ್ಮ ಗೆಳೆಯ ಅದನ್ನು ಒತ್ತಿದ್ದಾನೆ. ಊಟವಾದ ಮೇಲೆ ಹಿಂದಿನ ಮೇಜಿನ ಬಳಿ ಬನ್ನಿ, ಅದು ಎಲ್ಲಿದೆಯೆಂದು ತೋರಿಸುತ್ತೇವೆ.