ನಂದಿಬೆಟ್ಟದ ಹೊಗೆ, ಕೈವಾರದ ಜಿಲ್ಲೆ

ಬೆಳಗಿನ ಆರು ಗಂಟೆ. ಚಿಕ್ಕಬಳ್ಳಾಪುರದ ಕಡೆಯಿಂದ ನಂದಿಬೆಟ್ಟ ನೋಡುತ್ತಾ ನಿಂತಿದ್ದೀರಿ. ಬೆಟ್ಟದ ನೆತ್ತಿ ಕಾಣುತ್ತಿಲ್ಲ. ಬೆಳ್ಳಗಿನದೇನೋ ಅದನ್ನು ಸುತ್ತಿಕೊಂಡು ನಿಧಾನವಾಗಿ ಮೇಲೇಳುತ್ತಿದೆ. ಪಕ್ಕದಲ್ಲಿದ್ದ ಗೆಳೆಯ ಹೇಳುತ್ತಾನೆ: "ಹೊಗೆ ಇದ್ದ ಕಡೆಯೆಲ್ಲ ಬೆಂಕಿ ಇರುತ್ತೆ. ಅಗೋ, ಬೆಟ್ಟದ ಮೇಲೆ ಹೊಗೆ. ಅಂದ್ಮೇಲೆ ಬೆಟ್ಟಕ್ಕೆ ಬೆಂಕಿ ಬಿದ್ದಿದೆ."

ಬೆಂಕಿಯೂ ಇಲ್ಲ, ಹೊಗೆಯೂ ಇಲ್ಲ. ಅದು ಮಂಜು. ಗೆಳೆಯ ತಪ್ಪಿದ್ದಾನೆ, ಸರಿ. ಆದರೆ ಎಲ್ಲಿ ತಪ್ಪಿದ? ಯೋಚಿಸಿದ ರೀತಿಯಲ್ಲೋ, ನೋಡಿದ್ದರಲ್ಲೋ? ಈ ಒಂದು ಪ್ರಶ್ನೆಗೆ ಉತ್ತರ ಕೊಡಲು ಬಂದರೆ ಮೊದಲ ವರ್ಷದ ತರ್ಕಶಾಸ್ತ್ರದಲ್ಲಿ ವಿದ್ಯಾರ್ಥಿಗಳು ಅತಿ ಹೆಚ್ಚು ಗೊಂದಲಪಡುವ ಪಾಠ ಬಂದ ಹಾಗೆಯೇ.

ಗೆಳೆಯನ ಮಾತಿನಲ್ಲಿ ಎರಡು ಆಧಾರವಾಕ್ಯಗಳಿವೆ, ಒಂದು ತೀರ್ಮಾನವಿದೆ. ಆ ಎರಡು ಆಧಾರಗಳನ್ನೂ ನಿಜವೆಂದು ಒಂದು ಕ್ಷಣ ಒಪ್ಪಿಕೊಳ್ಳಿ. ಹೊಗೆ ಇರುವಲ್ಲೆಲ್ಲ ಬೆಂಕಿ ಇದೆ, ಬೆಟ್ಟದ ಮೇಲೆ ಹೊಗೆ ಇದೆ. ಇಷ್ಟನ್ನು ಒಪ್ಪಿದ ಮೇಲೆ 'ಬೆಂಕಿ ಇಲ್ಲ' ಎನ್ನಲು ದಾರಿಯೇ ಉಳಿಯುವುದಿಲ್ಲ. ಆಧಾರಗಳು ನಿಜವಾಗಿದ್ದು ತೀರ್ಮಾನ ಮಾತ್ರ ಸುಳ್ಳಾಗುವುದು ಅಸಾಧ್ಯವಾದರೆ ಅಂಥ ವಾದವನ್ನು ಸಿಂಧು ಎನ್ನುತ್ತೇವೆ. ಇಂಗ್ಲಿಷ್ ಪುಸ್ತಕಗಳು ವ್ಯಾಲಿಡ್ ಎನ್ನುವುದು ಇದನ್ನೇ. ಗೆಳೆಯನ ವಾದ ಸಿಂಧು. ಅವನ ಯೋಚನೆಯ ಹೆಜ್ಜೆಯಲ್ಲಿ ತಪ್ಪಿಲ್ಲ. ತಪ್ಪಿರುವುದು ಕಣ್ಣು ಕೊಟ್ಟ ಎರಡನೇ ಆಧಾರದಲ್ಲಿ.

ವಾದ ಸಿಂಧುವಾಗಿದ್ದು, ಅದರ ಆಧಾರಗಳೆಲ್ಲ ನಿಜವೂ ಆಗಿದ್ದರೆ ಅದನ್ನು ಸೌಂಡ್ ಎನ್ನುತ್ತಾರೆ. ಈ ವಿಡಿಯೋದಲ್ಲಿ ನಾವು ಅದನ್ನು ಗಟ್ಟಿ ವಾದ ಎಂದು ಕರೆಯೋಣ. ಗೆಳೆಯನ ವಾದ ಸಿಂಧು, ಆದರೆ ಗಟ್ಟಿಯಲ್ಲ.

ಗೊಂದಲಕ್ಕೆ ಅರ್ಧ ಕಾರಣ 'ಸಿಂಧು' ಎಂಬ ಪದವೇ. ತಾಲ್ಲೂಕು ಕಚೇರಿಯಲ್ಲಿ ಒಂದು ಪ್ರಮಾಣಪತ್ರ ಸಿಂಧು ಎಂದರೆ ಅದರಲ್ಲಿ ಬರೆದಿರುವುದು ಸರಿ ಇದೆ, ಅದನ್ನು ನಂಬಬಹುದು ಎಂದು ಅರ್ಥ. ತರ್ಕಶಾಸ್ತ್ರದಲ್ಲಿ ಹಾಗಲ್ಲ. ಇಲ್ಲಿ ಸಿಂಧುತ್ವ ಎನ್ನುವುದು ವಾಕ್ಯ ವಾಕ್ಯಗಳ ನಡುವಿನ ಕೊಂಡಿಯ ಗುಣ. ವಾಕ್ಯದೊಳಗಿನ ನಿಜ ಸುಳ್ಳಿಗೆ ಅದು ಕೈ ಹಾಕುವುದಿಲ್ಲ. ಹಾಗಾಗಿ ವಾಕ್ಯ ಸಿಂಧು ಎನ್ನುವಂತಿಲ್ಲ, ವಾದ ನಿಜ ಎನ್ನುವಂತಿಲ್ಲ. ನಿಜ ಸುಳ್ಳು ವಾಕ್ಯಕ್ಕೆ, ಸಿಂಧು ಅಸಿಂಧು ವಾದಕ್ಕೆ.

ಈ ಕೊಂಡಿಯನ್ನು ಬೇರೆಯಾಗಿ ತೆಗೆದು ನೋಡಿದವನು ಕ್ರಿಸ್ತಪೂರ್ವ 4ನೇ ಶತಮಾನದ ಗ್ರೀಕ್ ಚಿಂತಕ ಅರಿಸ್ಟಾಟಲ್. ಅವನು ಮಾಡಿದ್ದು ನೋಡಲು ಸಣ್ಣ ಕೆಲಸ: ಪದಗಳ ಜಾಗದಲ್ಲಿ ಅಕ್ಷರಗಳನ್ನು ಇಟ್ಟ. ಹೊಗೆ, ಬೆಂಕಿ, ಬೆಟ್ಟ ಹೋಗಿ ಬರೀ ಅ, ಆ, ಇ ಉಳಿದಾಗ ನಿಜವೋ ಸುಳ್ಳೋ ಎಂದು ಕೇಳುವುದಕ್ಕೆ ಏನೂ ಉಳಿಯುವುದಿಲ್ಲ. ವಾದದ ಆಕಾರ ಮಾತ್ರ ಕಾಣುತ್ತದೆ. ಒಂದು ಆಕಾರ ಕೆಟ್ಟದ್ದೆಂದು ತೋರಿಸಲು ಅವನ ಬಳಿ ಒಂದು ಉಪಾಯವೂ ಇತ್ತು. ಅದೇ ಆಕಾರಕ್ಕೆ ಬೇರೆ ಪದಗಳನ್ನು ತುಂಬಿ, ಆಧಾರಗಳು ನಿಜವಾಗಿ ತೀರ್ಮಾನ ಸುಳ್ಳಾಗುವಂತೆ ಮಾಡುವುದು. ಅವನು ಇದಕ್ಕೆ ಪ್ರಾಣಿ, ಮನುಷ್ಯ, ಕುದುರೆ ಎಂಬಂಥ ಪದಗಳನ್ನು ಬಳಸಿದ. ನಾವು ನಮ್ಮ ಊರುಗಳನ್ನೇ ಬಳಸೋಣ.

ಪರದೆಯ ಮೇಲೆ ನೋಡಿ. ಚಿಂತಾಮಣಿ ತಾಲ್ಲೂಕಿನ ಊರುಗಳೆಲ್ಲ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿವೆ. ಕೈವಾರ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದೆ. ಆದ್ದರಿಂದ ಕೈವಾರ ಚಿಂತಾಮಣಿ ತಾಲ್ಲೂಕಿನಲ್ಲಿದೆ.

ಮೂರೂ ವಾಕ್ಯ ನಿಜ. ಯೋಗಿ ನಾರೇಯಣರ ಕೈವಾರ ಚಿಂತಾಮಣಿ ತಾಲ್ಲೂಕಿನದೇ. ತರಗತಿಯಲ್ಲಿ ಇದನ್ನು ಬರೆದರೆ ಹೆಚ್ಚಿನವರು 'ಸಿಂಧು' ಎಂದು ಕೈ ಎತ್ತುತ್ತಾರೆ. ಈಗ ಕೈವಾರವನ್ನು ಅಳಿಸಿ ಆ ಜಾಗದಲ್ಲಿ ವಿದುರಾಶ್ವತ್ಥ ಎಂದು ಬರೆಯಿರಿ, ಬೇರೇನನ್ನೂ ಮುಟ್ಟಬೇಡಿ. ಮೊದಲ ಆಧಾರ ಹಾಗೇ ಇದೆ, ನಿಜ. ವಿದುರಾಶ್ವತ್ಥ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದೆ, ಅದೂ ನಿಜ. ತೀರ್ಮಾನ? ವಿದುರಾಶ್ವತ್ಥ ಇರುವುದು ಗೌರಿಬಿದನೂರು ತಾಲ್ಲೂಕಿನಲ್ಲಿ. ಅದೇ ಅಚ್ಚು ಒಮ್ಮೆ ನಿಜವನ್ನು ಕೊಟ್ಟಿತು, ಇನ್ನೊಮ್ಮೆ ಸುಳ್ಳನ್ನು ಕೊಟ್ಟಿತು. ಕೈವಾರದ ವಿಷಯದಲ್ಲಿ ತೀರ್ಮಾನ ನಿಜವಾಗಿದ್ದು ಭೂಗೋಳದ ದಯೆಯಿಂದ, ವಾದದ ಬಲದಿಂದಲ್ಲ. ವಾದ ಅಸಿಂಧು. ಅಸಿಂಧುವಾದ ಮೇಲೆ ಅದು ಗಟ್ಟಿ ವಾದವಾಗುವ ಮಾತೇ ಇಲ್ಲ, ಮೂರೂ ವಾಕ್ಯ ನಿಜವಾಗಿದ್ದರೂ ಸಹ.

ಇದೇ ಊರುಗಳಲ್ಲಿ ಇನ್ನೊಂದು ಪಾಠವಿದೆ, ನನಗೆ ಬಹಳ ಇಷ್ಟವಾದದ್ದು. ಚಿಂತಾಮಣಿ ತಾಲ್ಲೂಕಿನ ಊರುಗಳೆಲ್ಲ ಕೋಲಾರ ಜಿಲ್ಲೆಯಲ್ಲಿವೆ. ಕೈವಾರ ಚಿಂತಾಮಣಿ ತಾಲ್ಲೂಕಿನಲ್ಲಿದೆ. ಆದ್ದರಿಂದ ಕೈವಾರ ಕೋಲಾರ ಜಿಲ್ಲೆಯಲ್ಲಿದೆ. ನಿಮ್ಮ ಅಪ್ಪ ಅಮ್ಮ ಶಾಲೆಯಲ್ಲಿದ್ದಾಗ ಇದು ಸಿಂಧುವೂ ಹೌದು, ಗಟ್ಟಿಯೂ ಹೌದು. 2007ರಲ್ಲಿ ಕೋಲಾರದಿಂದ ಚಿಕ್ಕಬಳ್ಳಾಪುರ ಜಿಲ್ಲೆ ಬೇರೆಯಾಯಿತು. ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ಈ ಕಡೆಗೆ ಬಂದವು. ಮೊದಲ ಆಧಾರ ಸುಳ್ಳಾಯಿತು, ವಾದದ ಗಟ್ಟಿತನ ಹೋಯಿತು. ಸಿಂಧುತ್ವ ಮಾತ್ರ ಕೂದಲೆಳೆಯಷ್ಟೂ ಅಲುಗಲಿಲ್ಲ. ಸರ್ಕಾರದ ಆದೇಶದಿಂದ ಒಂದು ವಾದದ ಗಟ್ಟಿತನ ಹೋಗಬಹುದು, ಸಿಂಧುತ್ವ ಹೋಗಲಾರದು.

ಮತ್ತೆ ಹೊಗೆಗೆ ಬರೋಣ. ನಾನು ಇದನ್ನು ಆರಿಸಿಕೊಂಡದ್ದು ನಂದಿಬೆಟ್ಟ ಹತ್ತಿರದಲ್ಲಿದೆ ಎಂದಷ್ಟೇ ಅಲ್ಲ. 'ಬೆಟ್ಟದಲ್ಲಿ ಬೆಂಕಿ ಇದೆ, ಹೊಗೆ ಇರುವುದರಿಂದ' ಎನ್ನುವುದು ಭಾರತದ ನ್ಯಾಯಶಾಸ್ತ್ರದ ಹಳೆಯ, ಬಹಳ ಹೆಚ್ಚು ಬಳಸಿದ ಉದಾಹರಣೆ. ನೈಯಾಯಿಕರು ಅದನ್ನು ಐದು ಅಂಗಗಳಲ್ಲಿ ಹೇಳುತ್ತಿದ್ದರು: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಇವುಗಳಲ್ಲಿ ಮೂರನೆಯದನ್ನು ಗಮನಿಸಿ. ಹೊಗೆ ಇದ್ದಲ್ಲಿ ಬೆಂಕಿ ಎಂದರೆ ಸಾಲದು, 'ಅಡುಗೆಮನೆಯಲ್ಲಿ ಇರುವ ಹಾಗೆ' ಎಂದು ಕಂಡದ್ದೊಂದನ್ನು ತೋರಿಸಬೇಕು. ಅಂದರೆ ವಾದ ಮಾಡುವಾಗಲೇ ಆಧಾರದ ನಿಜಕ್ಕೂ ಸಾಕ್ಷಿ ಕೇಳುತ್ತಾರೆ. ಅವರಿಗೆ ಅನುಮಾನ ಒಂದು ಪ್ರಮಾಣ, ನಿಜವಾದ ತಿಳಿವನ್ನು ತಂದುಕೊಡುವ ದಾರಿ. ತಿಳಿವು ಬರದ ಬರೀ ಆಕಾರವನ್ನು ಬೇರೆ ಇಟ್ಟು ಹೊಗಳುವ ಅಗತ್ಯ ಅವರಿಗೆ ಕಾಣಲಿಲ್ಲ. ಹಾಗಾಗಿ ನಾವು ಇಂದು ಎರಡು ಖಾನೆಗಳಲ್ಲಿ ಇಡುವ ದೋಷಗಳನ್ನು ಅವರು ಹೇತ್ವಾಭಾಸ ಎಂಬ ಒಂದೇ ಹೆಸರಿನಡಿ ತಂದರು.

7ನೇ ಶತಮಾನದ ಬೌದ್ಧ ತಾರ್ಕಿಕ ಧರ್ಮಕೀರ್ತಿ ನಮ್ಮ ಗೆಳೆಯನ ತಪ್ಪನ್ನು ಹೆಚ್ಚುಕಡಿಮೆ ಹಾಗೆಯೇ ಗುರುತಿಸಿದ್ದಾನೆ. ಕಂಡದ್ದು ಹೊಗೆಯೋ ಆವಿಯೋ ಎಂದು ಸಂದೇಹವಿರುವಾಗ ಅದರಿಂದ ಬೆಂಕಿಯನ್ನು ಸಾಧಿಸಲು ಹೊರಟರೆ ಆ ಹೇತು ಅಸಿದ್ಧ ಎನ್ನುತ್ತಾನೆ. ಇಂದಿನ ಮಾತಿನಲ್ಲಿ ಅದು ಗಟ್ಟಿತನದ ಪ್ರಶ್ನೆ.

ಇದನ್ನು ಹತ್ತಿರದಿಂದ ನೋಡಬೇಕಾದರೆ ಶಿಡ್ಲಘಟ್ಟದ ಒಂದು ರೇಷ್ಮೆ ನೂಲು ಬಿಚ್ಚುವ ಮನೆಗೆ ಹೋಗಿ. ರಸ್ತೆಯಿಂದ ನೋಡಿದರೆ ಮಾಡಿನ ಸಂದಿಯಲ್ಲಿ ಬೆಳ್ಳಗೆ ಏನೋ ಹೊರಗೆ ಬರುತ್ತಿರುತ್ತದೆ. ಒಳಗೆ ಕಾಲಿಟ್ಟರೆ ಅದು ಎರಡಾಗುತ್ತದೆ. ಗೂಡು ಬೇಯುವ ಬಿಸಿನೀರಿನಿಂದ ಏಳುವುದು ಆವಿ. ಮುಖ ಒಡ್ಡಿದರೆ ಒದ್ದೆಯಾಗುತ್ತದೆ. ಕೆಳಗೆ ಸೌದೆ ಒಲೆಯಿಂದ ಬರುವುದು ಹೊಗೆ. ಅದಕ್ಕೆ ಕಣ್ಣು ಉರಿಯುತ್ತದೆ. ರಸ್ತೆಯಲ್ಲಿ ನಿಂತು ಎಷ್ಟೇ ಚೆನ್ನಾಗಿ ತರ್ಕಿಸಿದರೂ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ. ಸಿಂಧುತ್ವವನ್ನು ಕುಳಿತಲ್ಲೇ ಪರೀಕ್ಷಿಸಬಹುದು. ಗಟ್ಟಿತನಕ್ಕೆ ಎದ್ದು ಒಳಗೆ ಹೋಗಬೇಕು.

ಈ ಹೊಗೆಯ ವಾದವನ್ನು ಹಿಂದು ಮುಂದು ಮಾಡಿದರೆ ಏನಾಗುತ್ತದೆ ಎನ್ನುವುದನ್ನೂ ಹಳಬರು ಬಿಟ್ಟಿಲ್ಲ. ಹೊಗೆ ಇದ್ದಲ್ಲಿ ಬೆಂಕಿ ಇದೆ, ಸರಿ. ಆದರೆ ಇಲ್ಲಿ ಬೆಂಕಿ ಇದೆ, ಆದ್ದರಿಂದ ಹೊಗೆಯೂ ಇದೆ ಎನ್ನಬಹುದೇ? ಅದಕ್ಕೆ ಅವರು ತೋರಿಸಿದ ಎದುರುದಾಹರಣೆ ಕಾದು ಕೆಂಪಾದ ಕಬ್ಬಿಣದ ಉಂಡೆ. ಅದರಲ್ಲಿ ಬೆಂಕಿ ಇದೆ ಎಂದು ಅವರು ಎಣಿಸುತ್ತಿದ್ದರು, ಹೊಗೆ ಮಾತ್ರ ಇಲ್ಲ. ಹೊಗೆ ಬರಬೇಕಾದರೆ ಹಸಿ ಸೌದೆಯೂ ಬೇಕು. ಈ ವಾದ ಬೀಳುವುದು ಆಧಾರ ಸುಳ್ಳೆಂದಲ್ಲ, ಕೊಂಡಿ ಕಳಚಿದ್ದರಿಂದ. ಅಸಿಂಧು. ಕೈವಾರದ ಮೊದಲ ವಾದದಲ್ಲಿ ಕಂಡದ್ದೂ ಹೀಗೆ ತಿರುವು ಹಾಕಿದ ಸಂಬಂಧವೇ.

ಹಾಗಾದರೆ ಸುಳ್ಳು ಆಧಾರದಿಂದ ಸರಿಯಾಗಿ ನಡೆಯುವುದರ ಉಪಯೋಗ ನಮ್ಮ ಹಳಬರಿಗೆ ತಿಳಿದಿರಲಿಲ್ಲವೇ? ತಿಳಿದಿತ್ತು, ಮತ್ತು ಅದಕ್ಕೆ ಅವರಿಟ್ಟ ಹೆಸರೇ ತರ್ಕ. ಇಂದು ನಾವು ಇಡೀ ಶಾಸ್ತ್ರಕ್ಕೆ ಬಳಸುವ ಈ ಪದಕ್ಕೆ ನ್ಯಾಯದಲ್ಲಿ ಇಕ್ಕಟ್ಟಾದ ಅರ್ಥವಿತ್ತು. 'ಬೆಂಕಿ ಇಲ್ಲದಿದ್ದರೆ ಹೊಗೆಯೂ ಇರುತ್ತಿರಲಿಲ್ಲ' ಎನ್ನುವ ಬಗೆಯ ಯೋಚನೆ ಅದು. ಬೆಂಕಿ ಇಲ್ಲ ಎಂದು ಬೇಕೆಂದೇ ಇಟ್ಟುಕೊಂಡು, ಅಲ್ಲಿಂದ ಒಪ್ಪಲಾಗದ ಕಡೆಗೆ ನಡೆದು, ಇಟ್ಟುಕೊಂಡದ್ದೇ ತಪ್ಪೆಂದು ತೋರಿಸುವುದು. ಆಧಾರ ಸುಳ್ಳೆಂದು ಗೊತ್ತಿದ್ದರೂ ನಡಿಗೆ ನೇರವಿರಬೇಕು, ಇಲ್ಲದಿದ್ದರೆ ಏನೂ ಸಾಧಿಸುವುದಿಲ್ಲ. ಗಣಿತದಲ್ಲಿ √2 ಭಾಗಲಬ್ಧ ಸಂಖ್ಯೆಯಲ್ಲ ಎಂದು ಸಾಧಿಸುವಾಗ ನೀವು ಮಾಡಿದ್ದೂ ಇದೇ ಕೆಲಸ.

ಎದ್ದು ಹೋಗಿ ಆಧಾರವನ್ನು ಪರೀಕ್ಷಿಸುವ ಮಾತಿಗೆ ಮರಳಿದರೆ, ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಭೌತವಿಜ್ಞಾನಿ ಎಚ್. ನರಸಿಂಹಯ್ಯನವರ ಒಂದು ಕೆಲಸ ನೆನಪಾಗುತ್ತದೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಪರೀಕ್ಷಿಸಬಹುದಾದ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಅವರು ಒಂದು ಸಮಿತಿ ರಚಿಸಿದರು. ಆಗ ಎದುರಿಗಿದ್ದ ವಾದವನ್ನು ನಮ್ಮ ಅಚ್ಚಿನಲ್ಲಿ ಇಟ್ಟು ನೋಡಿ. ಬರಿಗೈಯಿಂದ ವಸ್ತುವನ್ನು ಸೃಷ್ಟಿಸುವವರಿಗೆಲ್ಲ ಅತಿಮಾನುಷ ಶಕ್ತಿ ಇದೆ. ಈ ವ್ಯಕ್ತಿ ಬರಿಗೈಯಿಂದ ವಸ್ತುವನ್ನು ಸೃಷ್ಟಿಸುತ್ತಾರೆ. ಆದ್ದರಿಂದ ಇವರಿಗೆ ಅತಿಮಾನುಷ ಶಕ್ತಿ ಇದೆ. ವಾದ ಸಿಂಧು, ಭಕ್ತರ ಯೋಚನೆಯನ್ನು ಹಳಿಯುವಂತಿಲ್ಲ. ಪ್ರಶ್ನೆ ಇರುವುದು ಎರಡನೇ ವಾಕ್ಯದಲ್ಲಿ: ಕೈ ನಿಜವಾಗಿ ಬರಿದಾಗಿತ್ತೇ? ಅದಕ್ಕೆ ತರ್ಕದ ಪುಸ್ತಕ ಉತ್ತರ ಕೊಡಲಾರದು, ಪರೀಕ್ಷೆಯೇ ಆಗಬೇಕು. ಸಮಿತಿ ಕೇಳಿದ್ದು ಆ ಪರೀಕ್ಷೆಯನ್ನು.

ಪರೀಕ್ಷೆಯಲ್ಲಿ ಪ್ರಶ್ನೆ ಬಂದಾಗ ಮೊದಲು ವಾಕ್ಯಗಳ ನಿಜ ಸುಳ್ಳನ್ನು ಕೈಯಿಂದ ಮುಚ್ಚಿ ಕೊಂಡಿಯನ್ನಷ್ಟೇ ನೋಡಿ. ಅಸಿಂಧುವಾದರೆ ಅಲ್ಲಿಗೇ ನಿಲ್ಲಿಸಿ, ಗಟ್ಟಿಯೂ ಅಲ್ಲ ಎಂದು ಬರೆದುಬಿಡಿ. ಸಿಂಧುವಾದರೆ ಮಾತ್ರ ಕೈ ತೆಗೆದು ಒಂದೊಂದೇ ಆಧಾರವನ್ನು ವಿಚಾರಿಸಿ. ಕೆಲವೊಮ್ಮೆ ಆಧಾರ ನಿಜವೋ ಸುಳ್ಳೋ ಇನ್ನೂ ಗೊತ್ತಿರುವುದಿಲ್ಲ. ಆಗ 'ಸಿಂಧು, ಗಟ್ಟಿಯೋ ಅಲ್ಲವೋ ಈಗಲೇ ಹೇಳಲಾಗದು' ಎನ್ನುವುದೇ ಪೂರ್ಣ ಉತ್ತರ.

ಬೆಳಗಿನ ಆರು ಗಂಟೆಗೆ ಬೆಟ್ಟದ ಬುಡದಲ್ಲಿ ನಿಂತ ನಿಮ್ಮ ಉತ್ತರ ಅಷ್ಟೇ ಆಗಿರಬೇಕಿತ್ತು. ಬಿಸಿಲೇರಿ, ಆ ಬಿಳುಪು ಕರಗಿ, ಕಪ್ಪು ಬಂಡೆ ಒದ್ದೆಯಾಗಿ ಹೊಳೆಯತೊಡಗಿದಾಗ ಉಳಿದರ್ಧವನ್ನೂ ಹೇಳಬಹುದು.