ಸಕ್ಕರೆ ಕಾರ್ಖಾನೆಯ ಸಾರ್ವಜನಿಕ ಆಲಿಕೆ: ರೈತರ ಆಕ್ಷೇಪಣೆ ಹೇಗಿರಬೇಕು?

(ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ಕಬ್ಬು ಬೆಳೆಗಾರರಿಗಾಗಿ ಮಾಡಿದ ಭಾಷಣದ ಪಾಠ)



ಕೃಷ್ಣಾ, ದೂಧಗಂಗಾ ಮತ್ತು ವೇದಗಂಗಾ ನದಿಗಳ ದಂಡೆಯ ಈ ಐದು ತಾಲೂಕುಗಳಲ್ಲಿ ಕಬ್ಬು ಮುಖ್ಯ ಬೆಳೆ, ಸಕ್ಕರೆ ಮುಖ್ಯ ಉದ್ದಿಮೆ. ಉಗಾರದಲ್ಲಿ 1939ರಷ್ಟು ಹಿಂದೆಯೇ ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಕಾರ್ಖಾನೆ ಬಂದರೆ ಕಬ್ಬಿಗೆ ಗಿರಾಕಿ ಸಿಗುತ್ತದೆ. ಅದರ ಹೊಲಸು ನೀರು ಹಳ್ಳಕ್ಕೆ ಹರಿದರೆ ಅದೇ ರೈತನ ಬಾವಿ ಕೆಡುತ್ತದೆ. ಹೊಸ ಕಾರ್ಖಾನೆ ಕಟ್ಟುವ ಅಥವಾ ಇದ್ದುದನ್ನು ದೊಡ್ಡದು ಮಾಡುವ ಮೊದಲು ಸುತ್ತಲಿನ ಜನರ ಮಾತು ಕೇಳಬೇಕೆಂದು ಕಾನೂನು ಹೇಳುತ್ತದೆ. ಹೀಗೆ ಕೇಳುವ ಸಭೆಗೆ ಸಾರ್ವಜನಿಕ ಆಲಿಕೆ ಎಂದು ಹೆಸರು. ಈ ಸಭೆಗಳಲ್ಲಿ ಬಹಳ ಮಾತು ನಡೆದರೂ ದಾಖಲೆಯಲ್ಲಿ ಉಳಿಯುವುದು ಸ್ವಲ್ಪವೇ. ಹೀಗಾಗದಂತೆ ರೈತರು ಏನು ಮಾಡಬಹುದು ಎಂಬುದೇ ಇಂದಿನ ವಿಷಯ.

ಅನುಮತಿಯ ನಾಲ್ಕು ಹಂತಗಳು

1986ರ ಪರಿಸರ ಸಂರಕ್ಷಣಾ ಕಾಯಿದೆಯ ಮೇರೆಗೆ ಕೇಂದ್ರ ಸರಕಾರವು 14 ಸೆಪ್ಟೆಂಬರ್ 2006ರಂದು ಒಂದು ಅಧಿಸೂಚನೆ ಹೊರಡಿಸಿತು. ಅದರಂತೆ ದಿನಕ್ಕೆ 5,000 ಟನ್ ಅಥವಾ ಅದಕ್ಕಿಂತ ಹೆಚ್ಚು ಕಬ್ಬು ಅರೆಯುವ ಕಾರ್ಖಾನೆಯು ಕೆಲಸ ಪ್ರಾರಂಭಿಸುವ ಮೊದಲೇ ಪರಿಸರ ಅನುಮತಿ ಪಡೆಯಬೇಕು. ಮೊದಲನೆಯ ಹಂತದಲ್ಲಿ ಯೋಜನೆ ಯಾವ ವರ್ಗಕ್ಕೆ ಸೇರುತ್ತದೆಂದು ನೋಡುತ್ತಾರೆ. ಎರಡನೆಯದರಲ್ಲಿ ಏನೇನು ಅಧ್ಯಯನ ನಡೆಯಬೇಕೆಂದು ಗೊತ್ತುಪಡಿಸುತ್ತಾರೆ. ಅಧ್ಯಯನದ ಕರಡು ವರದಿ ಸಿದ್ಧವಾದ ಬಳಿಕ ಮೂರನೆಯ ಹಂತವಾದ ಸಾರ್ವಜನಿಕ ಸಮಾಲೋಚನೆ ಬರುತ್ತದೆ. ಆಲಿಕೆ ಸಭೆ ನಡೆಯುವುದೂ ಲಿಖಿತ ಆಕ್ಷೇಪಣೆ ಸ್ವೀಕರಿಸುವುದೂ ಈ ಹಂತದಲ್ಲಿಯೇ. ನಾಲ್ಕನೆಯದು ತಜ್ಞರ ಸಮಿತಿಯ ಪರಿಶೀಲನೆ.

ಸಾಮಾನ್ಯವಾಗಿ ಸಕ್ಕರೆ ಕಾರ್ಖಾನೆಯ ಪರಿಶೀಲನೆ ಬೆಂಗಳೂರಿನಲ್ಲಿ, ರಾಜ್ಯ ಮಟ್ಟದ ಪ್ರಾಧಿಕಾರದ ಮುಂದೆ ನಡೆಯುತ್ತದೆ. ಆದರೆ ಗಡಿಭಾಗದವರು ಒಂದು ಮಾತು ತಿಳಿದಿರಬೇಕು. 2014ರ ತಿದ್ದುಪಡಿಯಂತೆ, ಯೋಜನೆಯ ಜಾಗ ಅಂತರರಾಜ್ಯ ಗಡಿಯಿಂದ 5 ಕಿಲೋಮೀಟರ್ ಒಳಗಿದ್ದರೆ ಅದು ಮೇಲಿನ ವರ್ಗಕ್ಕೆ ಸೇರಿ, ದೆಹಲಿಯ ಸಮಿತಿಯ ಮುಂದೆ ಹೋಗುತ್ತದೆ. ಎರಡೂ ರಾಜ್ಯಗಳು ಒಪ್ಪಂದ ಮಾಡಿಕೊಂಡು ಈ ದೂರವನ್ನು ಸಡಿಲಿಸಲೂ ಬಹುದು. ಕಾಗವಾಡ, ನಿಪ್ಪಾಣಿ, ಚಿಕ್ಕೋಡಿ ತಾಲೂಕುಗಳ ಅನೇಕ ಗ್ರಾಮಗಳು ಮಹಾರಾಷ್ಟ್ರದ ಗಡಿಗೆ ಹತ್ತಿರವಿರುವುದರಿಂದ, ಕಡತ ಎಲ್ಲಿಗೆ ಹೋಗುತ್ತದೆಂದು ಮೊದಲೇ ವಿಚಾರಿಸಬೇಕು. ಕಡತ ಎಲ್ಲಿಗೇ ಹೋದರೂ ಆಲಿಕೆಯನ್ನು ಮಾತ್ರ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯೇ ಯೋಜನೆಯ ಸ್ಥಳದಲ್ಲಿ ಅಥವಾ ಅದರ ಸಮೀಪದಲ್ಲಿ ಏರ್ಪಡಿಸುತ್ತದೆ.

ಎಲ್ಲ ಯೋಜನೆಗಳಿಗೂ ಆಲಿಕೆ ಇರುವುದಿಲ್ಲ. 5,000 ಟನ್ನಿಗಿಂತ ಕಡಿಮೆ ಅರೆಯುವ ಕಾರ್ಖಾನೆ ಈ ಅಧಿಸೂಚನೆಯ ಸಕ್ಕರೆ ಬಾಬಿಗೆ ಬರುವುದಿಲ್ಲ. ಅದಕ್ಕೆ ಬೇಕಾದುದು ಮಂಡಳಿಯ ಸಮ್ಮತಿ. ಅಲ್ಲದೆ 2021ರ ಮಾರ್ಚ್ ತಿಂಗಳ ತಿದ್ದುಪಡಿಯು, ಮೊದಲೇ ಪರಿಸರ ಅನುಮತಿ ಪಡೆದ ಸಕ್ಕರೆ ಕಾರ್ಖಾನೆ ಹಾಗೂ ಡಿಸ್ಟಿಲರಿಗಳು ಪೆಟ್ರೋಲಿನಲ್ಲಿ ಬೆರೆಸುವ ಎಥೆನಾಲಿಗಾಗಿಯೇ ವಿಸ್ತರಣೆ ಮಾಡುವುದಾದರೆ ಆಲಿಕೆ ಬೇಕಿಲ್ಲದ ವರ್ಗಕ್ಕೆ ಸೇರಿಸಿತು. ಇಂಥ ಕಡೆ ರೈತರಿಗೆ ಸಭೆಯ ವೇದಿಕೆ ಸಿಗುವುದಿಲ್ಲ. ಪ್ರಾಧಿಕಾರಕ್ಕೂ ಮಂಡಳಿಗೂ ನೇರವಾಗಿ ಬರೆದು ಕಳುಹಿಸಬೇಕು.

ಮೂವತ್ತು ದಿನಗಳ ಕೆಲಸ

ಆಲಿಕೆಯ ಪ್ರಕಟಣೆಯು ಒಂದು ರಾಷ್ಟ್ರೀಯ ದಿನಪತ್ರಿಕೆಯಲ್ಲಿಯೂ ಒಂದು ಪ್ರಾದೇಶಿಕ ಭಾಷೆಯ ದಿನಪತ್ರಿಕೆಯಲ್ಲಿಯೂ ಬರಬೇಕು. ಅಭಿಪ್ರಾಯ ತಿಳಿಸಲು ಜನರಿಗೆ ಕನಿಷ್ಠ 30 ದಿನ ಅವಕಾಶ ಇರಲೇಬೇಕು. ಕರಡು ವರದಿಯನ್ನು ಜಿಲ್ಲಾಧಿಕಾರಿ, ಜಿಲ್ಲಾ ಪಂಚಾಯತ, ಜಿಲ್ಲಾ ಕೈಗಾರಿಕಾ ಕೇಂದ್ರ, ಸ್ಥಳೀಯ ಪಂಚಾಯತ ಮತ್ತು ಮಂಡಳಿಯ ಕಚೇರಿಗಳಲ್ಲಿ ನೋಡಲು ಇಟ್ಟಿರುತ್ತಾರೆ. ಅದರ ಸಾರಾಂಶ ಕನ್ನಡದಲ್ಲಿಯೂ ಇರತಕ್ಕದ್ದು. ಪ್ರಕಟಣೆ ಬಂದ ದಿನ ಪತ್ರಿಕೆಯ ಆ ಪುಟವನ್ನು ಕತ್ತರಿಸಿ ತಾರೀಖು ಬರೆದು ಇಟ್ಟುಕೊಳ್ಳುವುದು ಒಳ್ಳೆಯದು. ಅವಧಿ 30 ದಿನಕ್ಕಿಂತ ಕಡಿಮೆಯಾಗಿದ್ದರೆ, ಅಥವಾ ಕಚೇರಿಯಲ್ಲಿ ವರದಿ ಸಿಗದಿದ್ದರೆ, ಕೂಡಲೆ ಬರಹದಲ್ಲಿ ತಿಳಿಸಿ ಸ್ವೀಕೃತಿ ಪಡೆಯಬೇಕು.

ವರದಿ ನೂರಾರು ಪುಟಗಳಷ್ಟಿರಬಹುದು. ರೈತನು ಎಲ್ಲವನ್ನೂ ಓದಬೇಕಾಗಿಲ್ಲ. ನೀರಿನ ಜಮಾಖರ್ಚಿನ ಕೋಷ್ಟಕ, ಸಂಸ್ಕರಿಸಿದ ನೀರು ಹೋಗುವ ಜಾಗ, ಬಾವಿ ಮತ್ತು ಮಣ್ಣಿನ ಮಾದರಿ ತೆಗೆದ ಊರುಗಳ ಪಟ್ಟಿ, ಈ ಮೂರನ್ನು ನೋಡಿದರೆ ಸಾಕು.

ಒಂದು ಲೆಕ್ಕ

ಉದಾಹರಣೆಗೆ ದಿನಕ್ಕೆ 5,000 ಟನ್ ಅರೆಯುವ ಒಂದು ಕಾರ್ಖಾನೆಯನ್ನು ತೆಗೆದುಕೊಳ್ಳೋಣ. ಕಬ್ಬಿನ ತೂಕದಲ್ಲಿ ನೂರಕ್ಕೆ ಸುಮಾರು 70 ಪಾಲು ನೀರೇ ಇರುತ್ತದೆ. ಅಂದರೆ ಕಬ್ಬಿನ ಜೊತೆಗೇ ದಿನಕ್ಕೆ 35 ಲಕ್ಷ ಲೀಟರ್ ನೀರು ಕಾರ್ಖಾನೆಯ ಒಳಗೆ ಬರುತ್ತದೆ. ರಸ ಕುದಿಸುವಾಗ ಆವಿಯಾದುದನ್ನು ತಣಿಸಿದರೆ ಇದರ ಬಹುಭಾಗ ಮತ್ತೆ ಬಳಕೆಗೆ ಸಿಗುತ್ತದೆ. ಹೀಗಿರುವಾಗ ನದಿಯಿಂದ ಎಷ್ಟು ನೀರು ಎತ್ತುತ್ತಾರೆ, ಏತಕ್ಕೆ ಎತ್ತುತ್ತಾರೆ ಎಂಬುದು ಕೇಳತಕ್ಕ ಮೊದಲನೆಯ ಪ್ರಶ್ನೆ.

ಇನ್ನು ಹೊರಬೀಳುವ ನೀರು. 2016ರ ಜನವರಿಯಲ್ಲಿ ನಿಗದಿಯಾದ ಮಾನಕದಂತೆ ಸಂಸ್ಕರಿಸಿದ ತ್ಯಾಜ್ಯ ನೀರು ಟನ್ ಕಬ್ಬಿಗೆ 100 ಲೀಟರನ್ನು ಮೀರಬಾರದು. ತಂಪುಗೊಳಿಸುವ ಗೋಪುರದ ನೀರಿಗೆ ಬೇರೆ ಮಿತಿ ಇದೆ. 5,000 ಟನ್ನಿಗೆ ದಿನಕ್ಕೆ 5 ಲಕ್ಷ ಲೀಟರ್ ಆಯಿತು. ಈ ನೀರನ್ನು ಹೊಲಕ್ಕೆ ಬಿಡುವುದಾದರೆ ಜಿಗುಟು ಮಣ್ಣಿನ ಭೂಮಿಗೆ ಹೆಕ್ಟೇರಿಗೆ ದಿನಕ್ಕೆ 35ರಿಂದ 55 ಘನಮೀಟರ್, ಅಂದರೆ ಎಕರೆಗೆ ಸುಮಾರು 14ರಿಂದ 22 ಸಾವಿರ ಲೀಟರ್ ಮಾತ್ರ ಎಂದು ಅದೇ ಮಾನಕ ಹೇಳುತ್ತದೆ. ಇದು ದಿನಕ್ಕೆ 3.5ರಿಂದ 5.5 ಮಿಲಿಮೀಟರ್ ನೀರಾಯಿತು. ಬೆಳೆ ದಿನವೊಂದಕ್ಕೆ ಹೀರಬಲ್ಲುದು ಹೆಚ್ಚುಕಡಿಮೆ ಇಷ್ಟೇ. ಇದಕ್ಕಿಂತ ಹೆಚ್ಚು ಬಿಟ್ಟರೆ ಎರೆಭೂಮಿಯಲ್ಲಿ ನೀರು ಇಂಗದೆ ನಿಂತು ಲವಣ ಮೇಲೇರುತ್ತದೆ. ಅತಿ ನೀರಾವರಿಯಿಂದ ಸವಳು-ಜವಳಾದ ಹೊಲಗಳನ್ನು ಕಂಡ ನದಿದಂಡೆಯ ರೈತರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಹಾಗಾದರೆ 5 ಲಕ್ಷ ಲೀಟರಿಗೆ ಸುಮಾರು 23ರಿಂದ 35 ಎಕರೆ ಎರೆಭೂಮಿ ಬೇಕು. ಮಳೆಯ ದಿನಗಳಲ್ಲಿ ಹೊಲಕ್ಕೆ ನೀರು ಬೇಡವಾದ್ದರಿಂದ, 15 ದಿನಗಳ ನೀರು ಹಿಡಿಸುವ, ತಳದಿಂದ ಇಂಗದ ಹೊಂಡವೂ ಬೇಕು. 75 ಲಕ್ಷ ಲೀಟರ್ ಹಿಡಿಸಲು 3 ಮೀಟರ್ ಆಳದ ಹೊಂಡ ಅರ್ಧ ಎಕರೆಗಿಂತ ಹೆಚ್ಚು ಜಾಗ ಹಿಡಿಯುತ್ತದೆ. ವರದಿಯು ಈ ನೀರನ್ನೆಲ್ಲ ಹತ್ತು ಎಕರೆ ಗಿಡಗಳಿಗೆ ಬಳಸುತ್ತೇವೆಂದು ಹೇಳಿದರೆ ಲೆಕ್ಕ ತಪ್ಪಿದೆ ಎಂದೇ ಅರ್ಥ. ಉಳಿದ ನೀರು ಹಳ್ಳ ಹಿಡಿಯುತ್ತದೆ.

ಆಕ್ಷೇಪಣೆ ಬರೆಯುವ ರೀತಿ

"ಕಾರ್ಖಾನೆಯಿಂದ ನಮ್ಮ ಭೂಮಿ ಹಾಳಾಗುತ್ತದೆ" ಎಂದು ಬರೆದರೆ "ಎಲ್ಲ ಮುನ್ನೆಚ್ಚರಿಕೆ ವಹಿಸಲಾಗುವುದು" ಎಂಬ ಒಂದೇ ಸಾಲಿನ ಉತ್ತರ ಬರುತ್ತದೆ. ಅದನ್ನೇ ಹೀಗೆ ಬರೆಯಬಹುದು: "ವರದಿಯ ಇಂಥ ಪುಟದಲ್ಲಿ ದಿನಕ್ಕೆ 5 ಲಕ್ಷ ಲೀಟರ್ ನೀರನ್ನು 10 ಎಕರೆಗೆ ಬಿಡುವುದಾಗಿ ಹೇಳಿದೆ. ಮಾನಕದ ಪ್ರಕಾರ ಎರೆಭೂಮಿಗೆ ಕನಿಷ್ಠ 23 ಎಕರೆ ಬೇಕು. ಉಳಿದ 13 ಎಕರೆ ಯಾವ ಸರ್ವೆ ನಂಬರಿನಲ್ಲಿದೆ? 15 ದಿನಗಳ ಹೊಂಡ ಎಲ್ಲಿ? ಕಾರ್ಖಾನೆಯ ಕೆಳಭಾಗದ ಬಾವಿಗಳ ನೀರನ್ನು ಏಕೆ ಪರೀಕ್ಷಿಸಿಲ್ಲ?" ಇದಕ್ಕೆ ಅಂಕಿ ಕೊಡದೆ ಉತ್ತರಿಸಲು ಬರುವುದಿಲ್ಲ.

ಮಾದರಿ ತೆಗೆದ ಊರುಗಳನ್ನು ನೋಡುವುದು ಇದೇ ಕಾರಣಕ್ಕೆ. ನೀರು ಇಳಿಜಾರಿನ ಕಡೆಗೆ ಹರಿಯುತ್ತದೆ. ಮಾದರಿಗಳೆಲ್ಲ ಏರಿನ ಊರುಗಳವೇ ಆಗಿದ್ದರೆ ಅವುಗಳಿಂದ ಮುಂದಿನ ಹಾನಿ ತಿಳಿಯದು. ರೈತರೂ ತಮ್ಮ ಬಾವಿಯ ನೀರು ಮತ್ತು ಹೊಲದ ಮಣ್ಣನ್ನು ಕಾರ್ಖಾನೆ ಪ್ರಾರಂಭವಾಗುವ ಮೊದಲೇ ಪರೀಕ್ಷೆ ಮಾಡಿಸಿ ಚೀಟಿ ಇಟ್ಟುಕೊಳ್ಳಬೇಕು. ಲವಣಾಂಶ, ಕ್ಲೋರೈಡ್, ಸೋಡಿಯಂ ಇವಿಷ್ಟು ಇದ್ದರೆ ಸಾಕು. ಮುಂದೆ ಬಾವಿ ಕೆಟ್ಟಾಗ "ಮೊದಲೂ ಹೀಗೇ ಇತ್ತು" ಎಂಬ ವಾದಕ್ಕೆ ಈ ಚೀಟಿಯೇ ಉತ್ತರ.

ಸಭೆಯ ದಿನ

ಸಭೆಯ ಅಧ್ಯಕ್ಷತೆಯನ್ನು ಜಿಲ್ಲಾಧಿಕಾರಿಗಳು ಅಥವಾ ಅಪರ ಜಿಲ್ಲಾಧಿಕಾರಿಗಿಂತ ಕೆಳಗಲ್ಲದ ಅವರ ಪ್ರತಿನಿಧಿ ವಹಿಸಬೇಕು. ಮಂಡಳಿಯ ಅಧಿಕಾರಿ ಅವರಿಗೆ ನೆರವಾಗುತ್ತಾರೆ. ಉಪವಿಭಾಗಾಧಿಕಾರಿಗಳೊಬ್ಬರೇ ಬಂದು ನಡೆಸಿದರೆ ಅದು ಲೋಪ. ನಡವಳಿಯನ್ನೆಲ್ಲ ವಿಡಿಯೋ ಚಿತ್ರೀಕರಣ ಮಾಡಬೇಕು. ಬಂದವರೆಲ್ಲರಿಗೂ ಕೇಳುವ ಅವಕಾಶ ಉಂಟು.

ಇದು ಮತದಾನವಲ್ಲ. ಅಧ್ಯಕ್ಷರು ಯೋಜನೆಯನ್ನು ಒಪ್ಪುವುದೂ ಇಲ್ಲ, ತಳ್ಳುವುದೂ ಇಲ್ಲ. ಜನರು ಹೇಳಿದ್ದನ್ನು ಬರೆಸಿ ಕಳುಹಿಸುವುದಷ್ಟೇ ಅವರ ಕೆಲಸ. ಸಭೆಗೆ ಕೋರಂ ಕೂಡ ಇಲ್ಲ. ಊರಿನವರು ಬಹಿಷ್ಕಾರ ಹಾಕಿ ಮನೆಯಲ್ಲಿ ಕುಳಿತರೂ ಸಭೆ ನಡೆದಂತೆಯೇ ಲೆಕ್ಕ, ದಾಖಲೆಯಲ್ಲಿ ಆಕ್ಷೇಪಣೆ ಮಾತ್ರ ಇರುವುದಿಲ್ಲ. ಹಳೆಯ ಕಬ್ಬಿನ ಬಾಕಿ, ದರ, ನೌಕರಿ ಇವುಗಳ ಮಾತಿನಲ್ಲೇ ಹೊತ್ತು ಕಳೆದುಹೋಗುವುದೂ ಉಂಟು. ಅವು ನ್ಯಾಯವಾದ ಬೇಡಿಕೆಗಳೇ ಆದರೂ ನೀರು, ಮಣ್ಣು, ಗಾಳಿಯನ್ನು ನೋಡುವ ಸಮಿತಿಯು ಬಾಕಿ ಕೊಡಿಸಲಾರದು.

ಕೊನೆಯಲ್ಲಿ ನಡವಳಿಯ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲಿ ಓದಿ ಹೇಳಿ, ಅದೇ ದಿನ ಅಧ್ಯಕ್ಷರ ಸಹಿ ಆಗಬೇಕು. ಆದ್ದರಿಂದ ಮಾತಾಡಿದವರು ಓದು ಮುಗಿಯುವವರೆಗೆ ಕುಳಿತಿರಬೇಕು. ತಮ್ಮ ಅಂಶ ಬಿಟ್ಟುಹೋಗಿದ್ದರೆ ಅಲ್ಲಿಯೇ ಎದ್ದು ಹೇಳಿ ಸೇರಿಸಬೇಕು. ಮಾತಾಡಿದ್ದನ್ನೇ ಬರಹದಲ್ಲಿಯೂ ಕೊಟ್ಟು ಸ್ವೀಕೃತಿ ಪಡೆಯಬೇಕು.

ಸಭೆಯ ನಂತರ

ಮಂಡಳಿಯು ನಡವಳಿಯನ್ನು ಪ್ರಾಧಿಕಾರಕ್ಕೆ ಕಳುಹಿಸುತ್ತದೆ. ಅದನ್ನು ಪಂಚಾಯತ, ಜಿಲ್ಲಾ ಪಂಚಾಯತ ಮತ್ತು ಜಿಲ್ಲಾಧಿಕಾರಿಗಳ ಕಚೇರಿಯಲ್ಲಿಯೂ ಪ್ರಕಟಿಸಬೇಕು. ಅಲ್ಲಿ ತಮ್ಮ ಆಕ್ಷೇಪಣೆ ಇದೆಯೇ ಎಂದು ನೋಡತಕ್ಕದ್ದು. ಕಾರ್ಖಾನೆಯು ಅಂತಿಮ ವರದಿಯಲ್ಲಿ ಅದಕ್ಕೆ ಉತ್ತರ ಕೊಡಬೇಕು, ತಜ್ಞರ ಸಮಿತಿಯು ಅದನ್ನು ಪರಿಶೀಲಿಸಬೇಕು. ನೆರೆಯ ಗೋವಾದ ಒಂದು ಗಣಿಯ ಪ್ರಕರಣದಲ್ಲಿ ದೆಹಲಿ ಉಚ್ಚ ನ್ಯಾಯಾಲಯವು 2009ರ ನವೆಂಬರಿನಲ್ಲಿ, ಜನರ ಆಕ್ಷೇಪಣೆಗಳನ್ನು ಹೇಗೆ ಪರಿಗಣಿಸಲಾಯಿತು ಎಂಬ ಕಾರಣಗಳು ಸಮಿತಿಯ ನಡವಳಿಯಲ್ಲಿ ಕಾಣಬೇಕೆಂದು ಹೇಳಿತು. ಛತ್ತೀಸಗಡದ ರಾಯಗಡ ಜಿಲ್ಲೆಯ ಕಲ್ಲಿದ್ದಲು ಗಣಿಯೊಂದರ ಅನುಮತಿಯನ್ನು, 2008ರಲ್ಲಿ ನಡೆದ ಆಲಿಕೆ ಕ್ರಮಬದ್ಧವಾಗಿರಲಿಲ್ಲವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2012ರಲ್ಲಿ ರದ್ದು ಮಾಡಿತು.

ಅನುಮತಿ ಕೊಟ್ಟ ಸುದ್ದಿಯನ್ನು ಕಾರ್ಖಾನೆಯವರು ಪತ್ರಿಕೆಗಳಲ್ಲಿ ಪ್ರಕಟಿಸಬೇಕು. ಅದು ತಿಳಿದ 30 ದಿನಗಳ ಒಳಗೆ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಬಹುದು. ತಕ್ಕ ಕಾರಣವಿದ್ದರೆ ಇನ್ನೂ 60 ದಿನ ಸಿಗಬಹುದು, ಆ ಮೇಲೆ ಬಾಗಿಲು ಮುಚ್ಚಿದಂತೆಯೇ. ಕರ್ನಾಟಕವು ಚೆನ್ನೈ ಪೀಠದ ವ್ಯಾಪ್ತಿಗೆ ಸೇರುತ್ತದೆ. ಪತ್ರಿಕೆಯ ತುಣುಕು, ಸ್ವೀಕೃತಿ, ನಡವಳಿಯ ಪ್ರತಿ ಮತ್ತು ಬಾವಿಯ ಪರೀಕ್ಷಾ ಚೀಟಿ, ಈ ನಾಲ್ಕೂ ಅಲ್ಲಿ ಕೆಲಸಕ್ಕೆ ಬರುವ ಕಾಗದಗಳು. ಬಹಳ ಸಲ ಯೋಜನೆ ನಿಲ್ಲದೆ, ಷರತ್ತುಗಳೊಂದಿಗೆ ಅನುಮತಿ ದೊರೆಯುತ್ತದೆ. ಆಗ ಹೊಂಡ ಎಷ್ಟು ದೊಡ್ಡದಿರಬೇಕು, ನೀರು ಯಾವ ಹೊಲಕ್ಕೆ ಹೋಗಬೇಕು, ಯಾವ ಬಾವಿಗಳನ್ನು ಪರೀಕ್ಷಿಸುತ್ತಿರಬೇಕು ಎಂಬುದು ಆ ಷರತ್ತುಗಳಲ್ಲಿ ಸೇರಿದರೆ, ಆಕ್ಷೇಪಣೆ ಬರೆದ ರೈತನ ಶ್ರಮ ಸಾರ್ಥಕವಾಯಿತು.