ಹಣ ಹೋಯಿತು, ರೀಚಾರ್ಜ್ ಬರಲಿಲ್ಲ: ದೂರು ಬರೆಯುವುದು ಹೇಗೆ?

ಧಾರವಾಡದ ಹಾಸ್ಟೆಲಿನಲ್ಲಿ ಓದುತ್ತಿರುವ ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳಿ. ಹಾವೇರಿ ಕಡೆಯ ಹಳ್ಳಿಯಲ್ಲಿರುವ ತಾಯಿಯ ಮೊಬೈಲಿನ ಅವಧಿ ಮುಗಿದಿದೆ. ಅಲ್ಲಿಂದ ಕರೆ ಮಾಡಲು ಆಗುತ್ತಿಲ್ಲ. ಮಗಳು ತನ್ನ ಫೋನಿನಲ್ಲಿರುವ ಪಾವತಿ ಆ್ಯಪ್ ತೆರೆದು ತಾಯಿಯ ನಂಬರಿಗೆ 299 ರೂಪಾಯಿ ರೀಚಾರ್ಜ್ ಮಾಡುತ್ತಾಳೆ. ಬ್ಯಾಂಕಿನಿಂದ ಹಣ ಕಡಿತವಾದ ಸಂದೇಶ ಬರುತ್ತದೆ. ತಾಯಿಯ ಫೋನಿಗೆ ಮಾತ್ರ ಏನೂ ಬರುವುದಿಲ್ಲ. ಖಾತೆಯಲ್ಲಿ ಉಳಿದಿರುವುದು 340 ರೂಪಾಯಿ, ತಿಂಗಳು ಮುಗಿಯಲು ಇನ್ನೂ ಇಪ್ಪತ್ತು ದಿನ.

ಆಕೆ ಆ್ಯಪಿನ ಸಹಾಯ ವಿಭಾಗಕ್ಕೆ ಹೀಗೆ ಬರೆಯುತ್ತಾಳೆ: "ಸರ್, ನನ್ನ ದುಡ್ಡು ಹೋಗಿದೆ, ರೀಚಾರ್ಜ್ ಆಗಿಲ್ಲ, ದಯವಿಟ್ಟು ಬೇಗ ಸರಿಮಾಡಿ." ಮರುದಿನ ಉತ್ತರ ಬರುತ್ತದೆ: "ನಿಮ್ಮ ನಂಬರಿನಲ್ಲಿ ಯಾವುದೇ ರೀಚಾರ್ಜ್ ಬಾಕಿ ಇಲ್ಲ." ಅವರು ಹೇಳಿದ್ದು ಸುಳ್ಳಲ್ಲ. ಅವರು ನೋಡಿದ್ದು ಮಗಳ ನಂಬರನ್ನು, ರೀಚಾರ್ಜ್ ಆಗಬೇಕಿದ್ದುದು ತಾಯಿಯ ನಂಬರಿಗೆ. ದೂರಿನಲ್ಲಿ ಆ ಮಾತೇ ಇರಲಿಲ್ಲ.

ದೂರು ಸರಿಯಾಗಿ ಬರೆಯಬೇಕಾದರೆ ಮೊದಲು ಹಣ ನಡೆಯುವ ದಾರಿ ತಿಳಿದಿರಬೇಕು. ಯು.ಪಿ.ಐ. ಮೂಲಕ ಆ್ಯಪಿನಲ್ಲಿ ರೀಚಾರ್ಜ್ ಮಾಡಿದಾಗ ಹಣ ಮೂರು ಕೈಗಳನ್ನು ದಾಟುತ್ತದೆ. ಮೊದಲನೆಯದು ನಿಮ್ಮ ಬ್ಯಾಂಕು. ಎರಡನೆಯದು ಹಣ ಪಡೆಯುವ ಆ್ಯಪ್ ಸಂಸ್ಥೆ. ಮೂರನೆಯದು ಮೊಬೈಲ್ ಕಂಪನಿ. ಬ್ಯಾಂಕಿಗೆ ಗೊತ್ತಿರುವುದು ಹಣ ಕೊಟ್ಟದ್ದು ಮಾತ್ರ. ರೀಚಾರ್ಜ್ ಆಯಿತೇ ಇಲ್ಲವೇ ಎಂಬುದು ಅದಕ್ಕೆ ತಿಳಿಯದು. ಆದ್ದರಿಂದಲೇ ಬ್ಯಾಂಕಿನ ಲೆಕ್ಕದಲ್ಲಿ "ಯಶಸ್ವಿ" ಎಂದು ಕಂಡರೂ ತಾಯಿಯ ಫೋನು ಮೂಕವಾಗಿರಬಹುದು.

ಹಣ ಎಲ್ಲಿ ನಿಂತಿದೆ ಎಂದು ತಿಳಿಯಲು ಆ್ಯಪಿನಲ್ಲಿ ಆ ವ್ಯವಹಾರದ ಪುಟವನ್ನು ತೆರೆದು ನೋಡಿ. ಪಾವತಿಯೇ ಬಾಕಿ ಅಥವಾ ವಿಫಲ ಎಂದಿದ್ದು, ಖಾತೆಯಿಂದ ಹಣ ಹೋಗಿದ್ದರೆ, ಅದು ಬ್ಯಾಂಕುಗಳ ನಡುವೆ ಸಿಕ್ಕಿಕೊಂಡಿದೆ. ಇದಕ್ಕೆ ಭಾರತೀಯ ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರಿನಲ್ಲಿ ಒಂದು ನಿಯಮ ಮಾಡಿತು. ವ್ಯಾಪಾರಿಗೆ ಯು.ಪಿ.ಐ. ಮೂಲಕ ಕೊಟ್ಟ ಹಣ ಕಡಿತವಾಗಿ, ಅವರಿಗೆ ಪಾವತಿಯ ಖಚಿತತೆ ತಲುಪದಿದ್ದರೆ, ವ್ಯವಹಾರದ ದಿನದ ನಂತರ 5 ದಿನಗಳೊಳಗೆ ಹಣ ತಾನಾಗಿ ಹಿಂದಿರುಗಬೇಕು. ಅದಕ್ಕೂ ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ಇಂಥ ದೂರು ಹೋಗಬೇಕಾದದ್ದು ಬ್ಯಾಂಕಿಗೆ.

ಪಾವತಿ ಆಗಿದೆ, ರೀಚಾರ್ಜ್ ಬಾಕಿ ಅಥವಾ ವಿಫಲ ಎಂದಿದ್ದರೆ ಹಣ ಆ್ಯಪ್ ಸಂಸ್ಥೆಯ ಕೈಯಲ್ಲಿದೆ. ರೀಚಾರ್ಜ್ ಮಾಡಿಸುವುದು ಇಲ್ಲವೇ ಹಣ ಮರಳಿಸುವುದು ಅವರ ಹೊಣೆ. ಎರಡೂ ಯಶಸ್ವಿ ಎಂದಿದ್ದು, ಮೊಬೈಲ್ ಕಂಪನಿಯ ಉಲ್ಲೇಖ ಸಂಖ್ಯೆಯನ್ನೂ ತೋರಿಸುತ್ತಿದ್ದರೆ, ಆ ಸಂಖ್ಯೆಯೊಂದಿಗೆ ಮೊಬೈಲ್ ಕಂಪನಿಯನ್ನೇ ಕೇಳಬೇಕು. ಆದರೆ ಅದಕ್ಕೂ ಮೊದಲು ನೀವು ಒತ್ತಿದ ನಂಬರನ್ನು ಒಂದೊಂದೇ ಅಂಕಿಯಾಗಿ ಓದಿ ನೋಡಿ. ಒಂದು ಅಂಕಿ ತಪ್ಪಿದ್ದರೆ ರೀಚಾರ್ಜ್ ಮತ್ತಾರದೋ ಫೋನಿಗೆ ಹೋಗಿರುತ್ತದೆ. ಅದನ್ನು ಹಿಂದೆ ಪಡೆಯುವುದು ಬಹಳ ಕಷ್ಟ.

ನಮ್ಮ ವಿದ್ಯಾರ್ಥಿನಿ ನೋಡಿದಾಗ ಕಂಡದ್ದು ಎರಡನೆಯ ಸ್ಥಿತಿ: ಪಾವತಿ ಆಗಿದೆ, ರೀಚಾರ್ಜ್ ಬಾಕಿ. ಹಾಗಾಗಿ ದೂರು ಆ್ಯಪ್ ಸಂಸ್ಥೆಗೇ ಸರಿ. ಈ ಸಲ ಆಕೆ ಹೀಗೆ ಬರೆದಳು:

"ವಿಷಯ: 10-6-2025ರಂದು 299 ರೂಪಾಯಿ ಕಡಿತವಾಗಿದೆ, ರೀಚಾರ್ಜ್ ಆಗಿಲ್ಲ.

1. ರೀಚಾರ್ಜ್ ಆಗಬೇಕಿದ್ದ ನಂಬರು: ಕೊನೆಯ ನಾಲ್ಕು ಅಂಕಿ 0417 (ತಾಯಿಯದು, ಪ್ರೀಪೇಯ್ಡ್). ಪೂರ್ಣ ನಂಬರು ನಿಮ್ಮ ವ್ಯವಹಾರದ ಪುಟದಲ್ಲಿದೆ.
2. ಹಣ ಕೊಟ್ಟ ಖಾತೆ: ನನ್ನದು. ಆ್ಯಪಿನಲ್ಲಿ ನೋಂದಾಯಿಸಿದ ನಂಬರಿನ ಕೊನೆಯ ನಾಲ್ಕು ಅಂಕಿ 2286.
3. ದಿನಾಂಕ ಮತ್ತು ಸಮಯ: 10-6-2025, ರಾತ್ರಿ 8 ಗಂಟೆ 42 ನಿಮಿಷ.
4. ಮೊತ್ತ: 299 ರೂಪಾಯಿ, ಒಂದೇ ಬಾರಿ.
5. ಬ್ಯಾಂಕಿನ ಯು.ಪಿ.ಐ. ಉಲ್ಲೇಖ ಸಂಖ್ಯೆ: 516147302915. ಆ್ಯಪಿನ ವ್ಯವಹಾರ ಸಂಖ್ಯೆಯನ್ನು ಲಗತ್ತಿಸಿದ ಚಿತ್ರದಲ್ಲಿ ನೋಡಬಹುದು.
6. ಈಗಿನ ಸ್ಥಿತಿ: 11-6-2025 ಸಂಜೆ 6 ಗಂಟೆಗೆ ಪಾವತಿ ಯಶಸ್ವಿ, ರೀಚಾರ್ಜ್ ಬಾಕಿ ಎಂದಿದೆ. 0417 ನಂಬರಿಗೆ ರೀಚಾರ್ಜಿನ ಎಸ್ಸೆಮ್ಮೆಸ್ ಬಂದಿಲ್ಲ. ಖಾತೆಗೆ ಹಣವೂ ಮರಳಿಲ್ಲ.
7. ಕೋರಿಕೆ: ರೀಚಾರ್ಜ್ ಮಾಡಿಸಿ, ಇಲ್ಲವೇ 299 ರೂಪಾಯಿ ಅದೇ ಖಾತೆಗೆ ಹಿಂದಿರುಗಿಸಿ. ದೂರಿನ ಸಂಖ್ಯೆ ತಿಳಿಸಿ."

ಈ ಅನುಕ್ರಮಕ್ಕೆ ಕಾರಣವಿದೆ. ಮೊದಲೆರಡು ಸಾಲುಗಳು ಎರಡು ನಂಬರುಗಳನ್ನು ಬೇರ್ಪಡಿಸುತ್ತವೆ; ಮೊದಲ ದೂರು ಕೆಟ್ಟದ್ದೇ ಅಲ್ಲಿ. ಐದನೆಯ ಸಾಲು ಕಂಪ್ಯೂಟರಿನ ಮುಂದೆ ಕುಳಿತವರು ಹುಡುಕಬೇಕಾದದ್ದು. ಯು.ಪಿ.ಐ. ಉಲ್ಲೇಖ ಸಂಖ್ಯೆಯಲ್ಲಿ 12 ಅಂಕಿಗಳಿರುತ್ತವೆ. ಪರದೆಯ ಮೇಲೆ ಇದು UTR ಅಥವಾ UPI Ref. No. ಎಂದು ಕಾಣುತ್ತದೆ. ಹನ್ನೆರಡರಲ್ಲಿ ಒಂದು ಅಂಕಿ ತಪ್ಪಿದರೂ ವ್ಯವಹಾರ ಸಿಗುವುದಿಲ್ಲ, ಆದ್ದರಿಂದ ಕೈಯಿಂದ ಬರೆಯದೆ ನಕಲಿಸಿ ಅಂಟಿಸಿ. ಆರನೆಯ ಸಾಲಿನಲ್ಲಿ ನೋಡಿದ ಗಂಟೆಯನ್ನೂ ಹೇಳಬೇಕು, ಏಕೆಂದರೆ ಸ್ಥಿತಿ ಬದಲಾಗುತ್ತಿರುತ್ತದೆ. ಕೊನೆಯ ಸಾಲು ಬೇಕಾದದ್ದೇನು ಎಂದು ಹೇಳುತ್ತದೆ. ಸಿಟ್ಟಿನ ಮಾತಿಗೆ ಇಲ್ಲಿ ಕೆಲಸವಿಲ್ಲ.

"ಒಂದೇ ಬಾರಿ" ಎಂಬ ಮಾತನ್ನು ಗಮನಿಸಿ. ಬಾಕಿ ಎಂದು ತೋರಿಸುತ್ತಿರುವಾಗ ಗಾಬರಿಯಿಂದ ಮತ್ತೊಮ್ಮೆ ಒತ್ತಿದರೆ, ಸ್ವಲ್ಪ ಹೊತ್ತಿನ ಮೇಲೆ ಎರಡೂ ರೀಚಾರ್ಜ್ ಆಗಿಬಿಡಬಹುದು. ಆಗ 598 ರೂಪಾಯಿ ಹೋಗಿರುತ್ತದೆ, ದೂರು ಕೊಡಲು ಕಾರಣವೂ ಇರುವುದಿಲ್ಲ.

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಇಂಟರ್‌ನೆಟ್ಟಿನಲ್ಲಿ ಗ್ರಾಹಕ ಸೇವೆಯ ನಂಬರು ಹುಡುಕಿದರೆ ಮೋಸಗಾರರು ಹಾಕಿಟ್ಟ ನಂಬರೇ ಸಿಗಬಹುದು. ಸಹಾಯವನ್ನು ಆ್ಯಪಿನ ಒಳಗಿನಿಂದಲೇ ಕೇಳಿ. ಹಣ ಮರಳಿ ಪಡೆಯಲು ಯು.ಪಿ.ಐ. ಪಿನ್ ಎಂದೂ ಬೇಕಾಗುವುದಿಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆಯೇ ಹೊರತು ಬರುವುದಿಲ್ಲ.

ದೂರು ಮೊಬೈಲ್ ಕಂಪನಿಗೆ ಹೋಗಬೇಕಾದ ಸಂದರ್ಭದಲ್ಲಿ 198ಕ್ಕೆ ಕರೆ ಮಾಡಿ, ಅವರು ಕೊಡುವ ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಅವರ ಉತ್ತರ ಸರಿಯೆನಿಸದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು. 2012ರ ಟ್ರಾಯ್ ನಿಯಮಗಳ ಪ್ರಕಾರ ಇದಕ್ಕೆ ಶುಲ್ಕವಿಲ್ಲ. ಆದರೆ ದೂರಿನ ಸಂಖ್ಯೆ ಇಲ್ಲದೆ ಮೇಲ್ಮನವಿ ಮುಂದೆ ಸಾಗದು. ಟ್ರಾಯ್ ಒಬ್ಬೊಬ್ಬರ ದೂರನ್ನು ತಾನೇ ವಿಚಾರಿಸುವುದಿಲ್ಲ ಎಂಬುದೂ ನೆನಪಿರಲಿ. ಆ್ಯಪ್ ಸಂಸ್ಥೆಯಾಗಲಿ ಮೊಬೈಲ್ ಕಂಪನಿಯಾಗಲಿ ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅಲ್ಲಿಯೂ ಮೊದಲು ಕೇಳುವುದು ಇದೇ ಏಳು ಸಾಲುಗಳ ವಿವರವನ್ನು.

ನಮ್ಮ ವಿದ್ಯಾರ್ಥಿನಿಯ ಎರಡನೆಯ ದೂರಿಗೆ "ನಿಮ್ಮ ನಂಬರಿನಲ್ಲಿ ಏನೂ ಬಾಕಿ ಇಲ್ಲ" ಎಂಬ ಉತ್ತರ ಕೊಡಲು ಈಗ ದಾರಿಯಿಲ್ಲ. ಯಾವ ನಂಬರು, ಯಾವ ಹಣ, ಎಲ್ಲಿ ನಿಂತಿದೆ ಎಂಬುದನ್ನು ಆಕೆಯೇ ತೋರಿಸಿದ್ದಾಳೆ. ಇನ್ನು ಉತ್ತರ ಹೇಳಬೇಕಾದವರು ಅವರು.